‘ಊ’ ಎಲ್ಲಿ ನಿಲ್ಲುತ್ತದೆ? ಗಡಿಭಾಗದ ಕಲಿಕೆಯ ಇಂಗ್ಲಿಷಿನಲ್ಲಿ ಕ್ರಿಯಾವಿಶೇಷಣದ ಸ್ಥಾನ

ಜಹೀರಾಬಾದ್, ನಾರಾಯಣಖೇಡ್ ಮತ್ತು ತಾಂಡೂರು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ್ ಹಾಗೂ ಗುಲ್ಬರ್ಗಾ ಜಿಲ್ಲೆಗಳ ತಾಲ್ಲೂಕುಗಳಾಗಿದ್ದವು. ಆಗ ಆಡಳಿತದ ಗೆರೆ ಸರಿಯಿತು. ಮಾತಿನ ಗೆರೆ ಅಷ್ಟು ಬೇಗ ಸರಿಯಲಿಲ್ಲ. ಇಲ್ಲಿನ ಕನ್ನಡ ಮನೆಯ ಮಗು ಅಂಗಳದಲ್ಲಿ ಕನ್ನಡವನ್ನೂ ಶಾಲೆಯಲ್ಲಿ ತೆಲುಗನ್ನೂ ಬಜಾರಿನಲ್ಲಿ ದಖನಿಯನ್ನೂ ಆಡಿ, ಆಮೇಲೆ ಇಂಗ್ಲಿಷಿನ ವಾಕ್ಯವೊಂದನ್ನು ಬರೆಯಲು ಕೂರುತ್ತದೆ. ಆ ವಾಕ್ಯದಲ್ಲಿ ಆಲ್ವೇಸ್, ನೆವರ್, ಜಸ್ಟ್, ಆಲ್ಸೋ ಎಂಬ ನಾಲ್ಕು ಸಣ್ಣ ಪದಗಳು ತಪ್ಪು ಜಾಗದಲ್ಲಿ ನಿಂತರೆ ಅಂಚಿನಲ್ಲಿ ‘ಮಾತೃಭಾಷಾ ಪ್ರಭಾವ’ ಎಂಬ ಟಿಪ್ಪಣಿ ಬೀಳುವುದು ವಾಡಿಕೆ. ಶಿಕ್ಷಕರ ತರಬೇತಿಯಿಂದ ಹಿಡಿದು ಸಂಶೋಧನ ಪ್ರಬಂಧದವರೆಗೆ ಸಲೀಸಾಗಿ ಓಡಾಡುವ ಈ ಟಿಪ್ಪಣಿ ಎಷ್ಟನ್ನು ವಿವರಿಸುತ್ತದೆ, ಎಷ್ಟನ್ನು ಮುಚ್ಚಿಹಾಕುತ್ತದೆ ಎಂಬುದನ್ನು ನೋಡಬೇಕಾಗಿದೆ.

ತೊಗರಿಗೆ ಹೆಸರಾದ ತಾಂಡೂರಿನ ವಿದ್ಯಾರ್ಥಿಯೊಬ್ಬ ತನ್ನ ಕಾಕಾನ ಬಗ್ಗೆ ಬರೆಯುತ್ತಾನೆ ಎಂದುಕೊಳ್ಳೋಣ. ಕನ್ನಡದಲ್ಲಿ ಅವನ ಮುಂದೆ ಮೂರು ಬೇರೆ ಬೇರೆ ವಾಕ್ಯಗಳಿವೆ. ‘ಕಾಕಾನೂ ತೊಗರಿ ಮಾರುತ್ತಾನೆ’ ಎಂದರೆ ಮಾರುವವರು ಬೇರೆಯವರೂ ಇದ್ದಾರೆ. ‘ಕಾಕಾ ತೊಗರಿಯನ್ನೂ ಮಾರುತ್ತಾನೆ’ ಎಂದರೆ ಅವನ ಅಂಗಡಿಯಲ್ಲಿ ಬೇರೆ ಸರಕೂ ಇದೆ. ‘ಕಾಕಾ ತೊಗರಿ ಮಾರುವುದೂ ಉಂಟು’ ಎಂದರೆ ಅವನು ಬೆಳೆಯುವುದರ ಜೊತೆಗೆ ಮಾರುತ್ತಾನೆ. ‘ಊ’ ಯಾವ ಪದಕ್ಕೆ ಅಂಟಿದೆಯೋ ಅಲ್ಲಿ ಅರ್ಥದ ಒತ್ತು ಬೀಳುತ್ತದೆ. ಓದುಗನಿಗೆ ಅನುಮಾನ ಉಳಿಯುವುದಿಲ್ಲ. ಇಂಗ್ಲಿಷಿನ ಬರವಣಿಗೆಯಾದರೋ ಈ ಮೂರಕ್ಕೂ ಸಾಮಾನ್ಯವಾಗಿ ಒಂದೇ ಜಾಗವನ್ನು ಮುಂದಿಡುತ್ತದೆ: ‘ಮೈ ಅಂಕಲ್ ಆಲ್ಸೋ ಸೆಲ್ಸ್ ರೆಡ್ ಗ್ರಾಮ್’. ಆಡುವಾಗ ದನಿಯ ಏರಿಳಿತ ಅರ್ಥಗಳನ್ನು ಬೇರ್ಪಡಿಸುತ್ತದೆ, ಕಾಗದದ ಮೇಲೆ ಆ ದನಿ ಇಲ್ಲ.

ವಿದ್ಯಾರ್ಥಿ ಎರಡನೆಯ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ‘ಮೈ ಅಂಕಲ್ ಸೆಲ್ಸ್ ರೆಡ್ ಗ್ರಾಮ್ ಆಲ್ಸೋ’ ಎಂದು ಬರೆದರೆ, ಅವನು ಆಲ್ಸೋವನ್ನು ‘ಊ’ದಂತೆ ಸರಕಿನ ಹೆಸರಿಗೆ ಅಂಟಿಸಿದ್ದಾನೆ. ಆ ಪದವನ್ನು ಕ್ರಿಯಾಪದದ ಹಿಂದಕ್ಕೆ ಎಳೆದು ತಿದ್ದಿದ ಶಿಕ್ಷಕರು ವಾಕ್ಯವನ್ನು ಪ್ರಮಾಣಬದ್ಧಗೊಳಿಸುತ್ತಾರೆ ನಿಜ, ಆದರೆ ವಿದ್ಯಾರ್ಥಿ ಕಷ್ಟಪಟ್ಟು ಉಳಿಸಿಕೊಂಡಿದ್ದ ಅರ್ಥಭೇದ ಅಲ್ಲಿಗೆ ಅಳಿದುಹೋಗುತ್ತದೆ. ಮೊದಲನೆಯ ಅರ್ಥ ಅವನಿಗೆ ಬೇಕಿದ್ದರೆ ತಿದ್ದುಪಡಿಯೂ ಬೇರೆಯಾಗಬೇಕು: ಅಲ್ಲಿ ಆಲ್ಸೋವನ್ನು ಕೈಬಿಟ್ಟು, ಕರ್ತೃಪದದ ಬೆನ್ನಿಗೆ ಎರಡು ಅಲ್ಪವಿರಾಮಗಳ ನಡುವೆ ‘ಟೂ’ ಇಡುವುದು ಹೆಚ್ಚು ಸ್ಪಷ್ಟ. ಭಾರತೀಯ ಇಂಗ್ಲಿಷಿನಲ್ಲಿ ಆಲ್ಸೋ ಒತ್ತಿನ ಗುರುತಾಗಿ ಕೆಲಸಮಾಡುತ್ತದೆ ಎಂಬುದನ್ನು ರಾಬರ್ಟ್ ಫುಕ್ಸ್ 2012ರಲ್ಲಿ ಚರ್ಚಿಸಿದ್ದಾರೆ. ತರಗತಿಯ ಕೆಂಪು ಶಾಯಿಗೆ ಆ ಚರ್ಚೆ ಇನ್ನೂ ತಲುಪಿದಂತಿಲ್ಲ.

ಇದು ‘ಕನ್ನಡದ ಪ್ರಭಾವ’ವೇ? ತೆಲುಗಿನ ‘ಕೂಡಾ’ ಮತ್ತು ದಖನಿಯ ‘ಭೀ’ ಕೂಡ ತಾವು ಒತ್ತುಕೊಡುವ ಪದದ ಬೆನ್ನಿಗೇ ನಿಲ್ಲುತ್ತವೆ. ಅಂಗಳ, ಶಾಲೆ, ಬಜಾರು ಮೂರೂ ಒಂದೇ ಪಾಠ ಹೇಳುವಾಗ ವಾಕ್ಯವನ್ನಷ್ಟೇ ನೋಡಿ ಯಾವುದು ಗುರು ಎಂದು ಹೇಳಲಾಗದು. 1957ರಲ್ಲಿ ರಾಬರ್ಟ್ ಲಾಡೊ ರೂಪಿಸಿದ ತೌಲನಿಕ ವಿಶ್ಲೇಷಣೆಯ ಚೌಕಟ್ಟು ಒಂದು ಮೊದಲ ಭಾಷೆಯನ್ನು ಒಂದು ಎರಡನೆಯ ಭಾಷೆಯ ಎದುರು ನಿಲ್ಲಿಸುತ್ತದೆ. ನಾರಾಯಣಖೇಡದಂಥ ಊರಿನಲ್ಲಿ ‘ಮೊದಲ’ ಎಂಬ ಮಾತೇ ಅಲುಗಾಡುತ್ತದೆ.

ಆಲ್ವೇಸ್ ಪದದ ವಿಚಾರ ಇನ್ನೂ ತಿರುವುಳ್ಳದ್ದು. ‘ಅಜ್ಜಿ ಯಾವಾಗಲೂ ಹೊಲದಲ್ಲಿ’ ಎಂಬುದು ಕನ್ನಡದಲ್ಲಿ ಕ್ರಿಯಾಪದವಿಲ್ಲದೆಯೂ ಪೂರ್ಣವಾದ ವಾಕ್ಯ. ಇದನ್ನು ನೇರವಾಗಿ ಇಂಗ್ಲಿಷಿಗೆ ಇಳಿಸಿದ ಆರಂಭದ ವಿದ್ಯಾರ್ಥಿ ‘ಇಸ್’ ಪದವನ್ನೇ ಬಿಡುತ್ತಾನೆ. ಮುಂದಿನ ವರ್ಷ ‘ಕ್ರಿಯಾಪದದ ಮುಂಚೆ ಆಲ್ವೇಸ್’ ಎಂಬ ಸೂತ್ರ ಕಲಿತು ‘ಗ್ರ್ಯಾಂಡ್‌ಮದರ್ ಆಲ್ವೇಸ್ ಇಸ್ ಇನ್ ದ ಫೀಲ್ಡ್’ ಎಂದು ಬರೆಯುತ್ತಾನೆ. ಸಾಮಾನ್ಯ ಕ್ರಿಯಾಪದಗಳಿಗೆ ಈ ಸೂತ್ರ ಸರಿ. ‘ಇಸ್’, ‘ಆರ್’ ಮೊದಲಾದವು ಹಾಗೂ ಸಹಾಯಕ ಕ್ರಿಯಾಪದಗಳು ಬಂದಾಗ ಪದವು ಅವುಗಳ ನಂತರ ಬರಬೇಕು. ಹೀಗಾಗಿ ಈ ಎರಡನೆಯ ತಪ್ಪನ್ನು ಮನೆಮಾತಿನ ತಲೆಗೆ ಕಟ್ಟಲಾಗದು. ಅರ್ಧ ಹೇಳಿಕೊಟ್ಟ ಸೂತ್ರವನ್ನು ಶ್ರದ್ಧೆಯಿಂದ ಪಾಲಿಸಿದ್ದರ ಫಲ ಅದು. ಕಲಿಯುವವನ ತಪ್ಪು ಅವನ ಒಳವ್ಯಾಕರಣದ ಸಾಕ್ಷಿ ಎಂದು 1967ರಲ್ಲಿ ಪಿಟ್ ಕಾರ್ಡರ್ ವಾದಿಸಿದ್ದು ಇಂಥ ಸಂದರ್ಭಕ್ಕೇ ಸಲ್ಲುತ್ತದೆ.

ಹೋಲಿಕೆಗೆ ಕೆನಡಾದ ಕ್ವಿಬೆಕ್ ಪ್ರಾಂತವನ್ನು ನೋಡಬಹುದು. ಅಲ್ಲಿನ ಫ್ರೆಂಚ್ ಮಾತಿನ ಮಕ್ಕಳು ಇಂಗ್ಲಿಷಿನಲ್ಲೂ ಕ್ರಿಯಾಪದಕ್ಕೂ ಕರ್ಮಪದಕ್ಕೂ ನಡುವೆ ಕ್ರಿಯಾವಿಶೇಷಣವನ್ನು ತೂರಿಸುತ್ತಾರೆ, ಏಕೆಂದರೆ ಫ್ರೆಂಚಿನಲ್ಲಿ ಅದು ಸಹಜ ಸ್ಥಾನ. ಲಿಡಿಯಾ ವೈಟ್ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಸ್ಥಾನ ತಪ್ಪೆಂದು ನೇರವಾಗಿ ಪಾಠಮಾಡಿದಾಗ ಮಕ್ಕಳು ತಿದ್ದಿಕೊಂಡರು. ವರ್ಷ ಕಳೆದ ಮೇಲೆ ಆ ಲಾಭ ಉಳಿಯಲಿಲ್ಲ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗಿರುವುದರಿಂದ ಅಂಥ ತೂರಿಕೆಗೆ ಮಾದರಿಯೇ ಇಲ್ಲ. ಆದ್ದರಿಂದ ಅಲ್ಲಿಗಾಗಿ ರೂಪಿಸಿದ ಅಭ್ಯಾಸಗಳನ್ನು ಜಹೀರಾಬಾದಿಗೆ ತಂದರೆ, ಇಲ್ಲಿಯವರು ಅಷ್ಟಾಗಿ ಎಡವದ ಜಾಗದಲ್ಲಿ ಔಷಧಿ ಹಚ್ಚಿದಂತಾಗುತ್ತದೆ.

ಇಲ್ಲಿಯವರು ನಿಜವಾಗಿ ಎಡವುವುದು, ಮತ್ತು ಎಡವಿದರೆ ಅರ್ಥವೇ ತಲೆಕೆಳಗಾಗುವುದು, ನೆವರ್ ಪದದಲ್ಲಿ. ಆ ಪದ ನಿಷೇಧವನ್ನು ತನ್ನೊಳಗೇ ಹೊತ್ತಿದೆ. ಕನ್ನಡದ ‘ಎಂದೂ’ ಹಾಗೆ ಹೊತ್ತಿಲ್ಲ. ನಿಷೇಧ ಕ್ರಿಯಾಪದದ ‘ಇಲ್ಲ’ದಲ್ಲಿದೆ. ‘ಎಂದೂ ಸುಳ್ಳು ಹೇಳುವುದಿಲ್ಲ’ ಎಂಬುದು ‘ಹಿ ನೆವರ್ ಡಸ್ ನಾಟ್ ಟೆಲ್ ಲೈಸ್’ ಎಂದಾದರೆ ಎರಡು ನಿಷೇಧಗಳು ಸೇರಿ ಸತ್ಯವಂತ ಸುಳ್ಳುಗಾರನಾಗುತ್ತಾನೆ. ಇನ್ನೊಂದು ರೂಪ ‘ಹಿ ಆಲ್ವೇಸ್ ಡಸ್ ನಾಟ್ ಟೆಲ್ ಲೈಸ್’. ಇದನ್ನು ನೋಡಿದ ಶಿಕ್ಷಕರು ಆಲ್ವೇಸ್ ಪದವನ್ನು ಸೂತ್ರದಂತೆ ಸಹಾಯಕ ಕ್ರಿಯಾಪದದ ಈಚೆಗೆ ಸರಿಸಿ ‘ಡಸ್ ನಾಟ್ ಆಲ್ವೇಸ್’ ಎಂದು ತಿದ್ದಿದರೆ, ವ್ಯಾಕರಣ ಗೆಲ್ಲುತ್ತದೆ, ಆದರೆ ‘ಆಗಾಗ ಸುಳ್ಳು ಹೇಳುತ್ತಾನೆ’ ಎಂಬ, ವಿದ್ಯಾರ್ಥಿ ಬಯಸದ ಅರ್ಥ ಉತ್ತರಪತ್ರಿಕೆಯಲ್ಲಿ ಉಳಿಯುತ್ತದೆ.

ಮೂಲದ ಬಗ್ಗೆ ಒಂದು ಸುಳಿವು ಸಿಗುವುದಾದರೆ ಇಲ್ಲಿಯೇ. ತೆಲುಗಿನ ‘ಎಪ್ಪುಡೂ’ ವಿಧಿವಾಕ್ಯದಲ್ಲಿ ‘ಯಾವಾಗಲೂ’, ನಿಷೇಧವಾಕ್ಯದಲ್ಲಿ ‘ಎಂದೂ’. ಒಂದೇ ಪದ ಎರಡೂ ಹೊಣೆ ಹೊರುತ್ತದೆ. ಕನ್ನಡಕ್ಕೆ ಎರಡು ಪದಗಳಿವೆ, ದಖನಿಗೂ ‘ಹಮೇಶಾ’ ಮತ್ತು ‘ಕಭೀ’ ಬೇರೆ ಬೇರೆ. ಆದಕಾರಣ ನಿಷೇಧವಾಕ್ಯದಲ್ಲಿ ಆಲ್ವೇಸ್ ಪದೇ ಪದೇ ಕಂಡರೆ ಬೆರಳು ಮನೆಯತ್ತ ಅಲ್ಲ, ಶಾಲೆಯ ತೆಲುಗಿನತ್ತ ತೋರಬಹುದು. ಇದು ಸುಳಿವು ಮಾತ್ರ, ಸಾಕ್ಷ್ಯವಲ್ಲ: ಆಡುಗನ್ನಡದಲ್ಲಿಯೂ ‘ಯಾವಾಗಲೂ ಬರೋದಿಲ್ಲ’ ಎಂಬ ಬಳಕೆ ಇದ್ದು, ಅದು ಸಂದರ್ಭಕ್ಕೆ ತಕ್ಕಂತೆ ಎರಡು ಅರ್ಥ ಕೊಡುತ್ತದೆ. ಪರೀಕ್ಷಿಸುವ ದಾರಿ ಸರಳವಾಗಿದೆ. ಬರೆದ ವಾಕ್ಯವನ್ನು ವಿದ್ಯಾರ್ಥಿಯಿಂದ ಮೊದಲು ಕನ್ನಡದಲ್ಲಿ, ಬಳಿಕ ತೆಲುಗಿನಲ್ಲಿ ಹೇಳಿಸಿ, ಬಳಸಿದ ಪದ ಯಾವುದು, ‘ಊ’ ಎಲ್ಲಿ ಅಂಟಿತು ಎಂದು ಗುರುತುಹಾಕಿಕೊಂಡು ಆಮೇಲೆ ತಿದ್ದುವುದು. ಲೇಖನಿ ಎತ್ತುವ ಮುನ್ನ ಒಂದು ಪ್ರಶ್ನೆ ಕೇಳುವಷ್ಟೇ ಶ್ರಮ.

ಜಸ್ಟ್ ಪದದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ಏಕೆಂದರೆ ಅದರ ಜಾಗವನ್ನು ಬಹುಪಾಲು ಓನ್ಲಿ ಕಸಿದುಕೊಂಡಿದೆ. ‘ಈಗಲೇ ಬಂದೆ’, ತೆಲುಗಿನ ‘ಇಪ್ಪುಡೇ’, ದಖನಿಯ ‘ಅಭೀಚ್’ ಮೂರೂ ಕಾಲಸೂಚಕಕ್ಕೆ ಅವಧಾರಣೆಯ ಬಾಲ ಕಟ್ಟುತ್ತವೆ. ಕಲಿಯುವವನು ಅದೇ ಕ್ರಮದಲ್ಲಿ ‘ನೌ ಓನ್ಲಿ ಐ ಕೇಮ್’ ಎನ್ನುತ್ತಾನೆ. ದಖನಿಯ ಆ ‘ಚ್’ ಮರಾಠಿಯಿಂದ ಬಂದದ್ದು. ಜಹೀರಾಬಾದಿನ ಹುಡುಗನ ಇಂಗ್ಲಿಷ್ ವಾಕ್ಯಕ್ಕೆ ಲೆಕ್ಕ ಒಪ್ಪಿಸುವಾಗ ಆ ನಾಲ್ಕನೆಯ ಭಾಷೆಯನ್ನೂ ಪಟ್ಟಿಗೆ ಸೇರಿಸಬೇಕಾಗುತ್ತದೆ.