ಕಿಞ್ಞಕ್ಕ ಕಿನ್ನಕ್ಕ ಆದ ಬಗೆ
('ಇದ್ದ ಹಾಗೆ' ಎಂಬ ಸಣ್ಣಕಥೆಯ ಕುರಿತು)

ಕಳೆದ ಮಳೆಗಾಲದಲ್ಲಿ ನಮ್ಮ ಊರಿನ ವಾಚನಾಲಯದಲ್ಲಿ ಸೇರಿದ ಹತ್ತು ಹದಿನೈದು ಮಂದಿಯ ಎದುರು ಒಂದು ಕಥೆ ಓದಲ್ಪಟ್ಟಿತು. ಕಥೆಯ ಹೆಸರು 'ಇದ್ದ ಹಾಗೆ'. ಕಥೆಗಾರರು ತಮ್ಮ ಹೆಸರನ್ನು ಸದ್ಯಕ್ಕೆ ಹೇಳುವುದು ಬೇಡ ಎಂದಿರುವುದರಿಂದ ನಾನೂ ಹೇಳುವುದಿಲ್ಲ. ಕೈಬರಹದ ಪ್ರತಿಯನ್ನು ಅನಂತರ ನಾನು ಮನೆಗೆ ತಂದು ಎರಡು ಸಲ ಓದಿದೆ. ಆ ಸಂಜೆ ಕೇಳಿಸಿಕೊಂಡ ಕಥೆಗೂ ಮನೆಯಲ್ಲಿ ಓದಿದ ಕಥೆಗೂ ನನ್ನ ಮಟ್ಟಿಗೆ ಬಹಳ ವ್ಯತ್ಯಾಸವಿತ್ತು. ಅದನ್ನು ವಿವರಿಸುವುದೇ ಈ ಬರಹದ ಉದ್ದೇಶ.

ಕಥೆಯ ಹಂದರ ಸರಳ. ಕಾಸರಗೋಡು ಕಡೆಯ ಒಂದು ವಿಲೇಜ್ ಆಫೀಸಿನಲ್ಲಿ ಕನ್ನಡ ಶಾಲೆಯಲ್ಲಿ ಕಲಿತ, ಮಲಯಾಳವೂ ಬಲ್ಲ ಒಬ್ಬ ಗುಮಾಸ್ತನಿದ್ದಾನೆ. ಹಳೆಯ ರಿಜಿಸ್ಟರುಗಳ ಹಾಳೆಗಳು ಮುಟ್ಟಿದರೆ ಪುಡಿಯಾಗುತ್ತಿವೆ. ಒಂದೊಂದು ಪುಟದ ಫೋಟೋ ತೆಗೆದಿಡಬೇಕೆಂದು ಮೇಲಿನವರು ಹೇಳಿದ್ದಾರೆ. ಅವನು ಮೇಜನ್ನು ಕಿಟಕಿಯ ಬಳಿಗೆ ಎಳೆದು, ಹಾಳೆಯ ಎರಡು ತುದಿಗೆ ಎರಡು ಕಲ್ಲುಚೂರು ಇಟ್ಟು, ಮೋಡ ಸರಿದು ಬೆಳಕು ಬಂದಾಗಲೆಲ್ಲ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾನೆ. ರಾತ್ರಿ ಮನೆಯಲ್ಲಿ ಚಿತ್ರಗಳನ್ನು ವರ್ಷವಾರು ಜೋಡಿಸುವಾಗ ಒಂದು ಹೆಸರಿನ ಮೇಲೆ ಅವನ ಕಣ್ಣು ನಿಲ್ಲುತ್ತದೆ. ಫಸಲಿ 1348ರ ಕನ್ನಡ ಚಿಟ್ಟಾದಲ್ಲಿ 'ಕಿನ್ನಕ್ಕ'. ಹತ್ತು ವರ್ಷದ ಅನಂತರದ ಚಿಟ್ಟಾದಲ್ಲೂ 'ಕಿನ್ನಕ್ಕ'. ಕೇರಳ ರಾಜ್ಯ ಆದ ಮೇಲಿನ ಮಲಯಾಳದ ತಂಡಪ್ಪೇರು ರಿಜಿಸ್ಟರಿನಲ್ಲೂ, ಆಮೇಲಿನ ತೀರ್ವೆಯ ಪುಸ್ತಕಗಳಲ್ಲೂ ಅದೇ. ಆದರೆ ಆ ಜಾಗದ ಮನೆಯವರನ್ನು ಅವನು ಬಲ್ಲ. ಆ ಮನೆಯ ಅಜ್ಜಿಯ ಹೆಸರು ಕಿಞ್ಞಕ್ಕ. ತುಳುವಿನಲ್ಲಿ 'ಕಿಞ್ಞ' ಎಂದರೆ ಚಿಕ್ಕದು ಎಂದು ನಮ್ಮಲ್ಲಿ ಯಾರಿಗೂ ಹೇಳಬೇಕಾಗಿಲ್ಲ. 'ಕಿನ್ನಕ್ಕ' ಎಂಬ ಹೆಸರಿನವರು ಆ ಊರಿನಲ್ಲಿ ಎಂದೂ ಇರಲಿಲ್ಲ.

ಕಥೆ ಇಷ್ಟು ಓದಿದಾಗಲೇ ವಾಚನಾಲಯದಲ್ಲಿ ಒಂದು ನಿಟ್ಟುಸಿರು ಕೇಳಿತು. 1956ರ ನವೆಂಬರ್ 1ರ ಅನಂತರ ನಮ್ಮ ಹೆಸರುಗಳಿಗೂ ಮನೆಹೆಸರುಗಳಿಗೂ ಊರಿನ ಹೆಸರುಗಳಿಗೂ ಆದದ್ದು ಎಲ್ಲರಿಗೂ ನೆನಪಿದೆ. ಇದೂ ಅದೇ ಕಥೆ ಎಂದು ನಾವೆಲ್ಲ ತಿಳಿದೆವು. ನಾನೂ ಹಾಗೆಯೇ ತಿಳಿದೆ. ಆದರೆ ಫಸಲಿ ಎಂದರೇನು ಎಂಬುದನ್ನು ನಾವು ಮರೆತಿದ್ದೆವು. ಮದರಾಸು ಸರಕಾರದ ಕಂದಾಯದ ಲೆಕ್ಕದಲ್ಲಿ ಫಸಲಿ ವರ್ಷ ಜುಲೈಯಲ್ಲಿ ಆರಂಭವಾಗುತ್ತಿತ್ತು. ಅದಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ. ಫಸಲಿ 1348 ಎಂದರೆ 1938ರ ಜುಲೈಯಿಂದ 1939ರ ಜೂನ್ ತನಕ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಚಿಟ್ಟಾ ಬರೆದವರು ಕನ್ನಡದ ಶಾನುಭೋಗರು. ಎಂದರೆ ತಪ್ಪು ಗಡಿ ಬೀಳುವ ಹದಿನೆಂಟು ವರ್ಷ ಮೊದಲು, ನಮ್ಮದೇ ಲಿಪಿಯಲ್ಲಿ, ನಮ್ಮವರದೇ ಕೈಯಲ್ಲಿ ಆಗಿತ್ತು. ಕಥೆಯಲ್ಲಿ ಈ ಲೆಕ್ಕ ತಿಳಿದ ಕ್ಷಣಕ್ಕೆ ಗುಮಾಸ್ತ ಮೊಬೈಲನ್ನು ಬೋರಲಾಗಿ ಇಡುತ್ತಾನೆ. ನಮ್ಮ ಸಭೆಯೂ ಆಗ ಮೌನವಾಯಿತು.

ತಪ್ಪು ಹೇಗೆ ಆಯಿತೆಂಬುದನ್ನು ಕಥೆ ಅಕ್ಷರದ ಮಟ್ಟದಲ್ಲಿ ಯೋಚಿಸಿದೆ. ಕನ್ನಡದ ವರ್ಣಮಾಲೆಯಲ್ಲಿ ಞ ಇದೆ, ಮಕ್ಕಳು ಬಾಯಿಪಾಠ ಹೇಳುತ್ತಾರೆ. ಆದರೆ ಬರೆಯುವ ಕೈಗೆ ಅದು ಸಿಗುವುದು ಜ್ಞಾನ, ಯಜ್ಞ ಮುಂತಾದ ಮಾತುಗಳ ಒತ್ತಿನಲ್ಲಿ ಮಾತ್ರ. ಮಂಚ, ಪಂಜ ಎಂದು ಬರೆಯುವಲ್ಲಿ ನಾವು ಸೊನ್ನೆ ಇಟ್ಟು ಮುಂದೆ ಹೋಗುತ್ತೇವೆ. ಹಾಗಾಗಿ ತುಳುವಿನ 'ಞ್ಞ' ಎದುರಾದಾಗ ಕನ್ನಡದ ಕೈ ತಡವರಿಸುತ್ತದೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳ (1915-2015) ಹೆಸರನ್ನೇ ನೋಡಿ. ಕಿಞ್ಞಣ್ಣ, ಕಿಂಞಣ್ಣ ಎಂದು ಎರಡು ಬಗೆಯಾಗಿ ಅಚ್ಚಾದದ್ದನ್ನು ನಾವು ಕಂಡಿದ್ದೇವೆ. ಅಷ್ಟು ದೊಡ್ಡವರ ಹೆಸರಿಗೇ ಹೀಗಾದರೆ ಅಕ್ಷರ ಬಾರದ ಒಬ್ಬ ಹೆಂಗಸಿನ ಹೆಸರಿಗೆ ಶಾನುಭೋಗರು ಹತ್ತಿರದ 'ನ್ನ' ಹಾಕಿ ಮುಗಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ಒಂದು ವಿಪರೀತವಿದೆ, ಕಥೆಯ ಜೀವ ಇರುವುದೂ ಅಲ್ಲಿಯೇ. ಮಲಯಾಳದಲ್ಲಿ 'ಞ್ಞ' ದಿನನಿತ್ಯದ ಅಕ್ಷರ. ಕುಞ್ಞ್ ಎಂಬ ಮಾತನ್ನು ಬರೆಯದ ಮಲಯಾಳಿ ಇಲ್ಲ. ಕಿಞ್ಞಕ್ಕನ ಹೆಸರನ್ನು ಕೂದಲೆಳೆಯಷ್ಟೂ ಕೆಡದಂತೆ ಬರೆಯಬಲ್ಲ ಲಿಪಿಗೆ ಆ ಹೆಸರು ಬರುವ ಹೊತ್ತಿಗೆ ಕೆಟ್ಟೇ ಬಂದಿತ್ತು. ಹೊಸ ಬರಹಗಾರ ಕಾಗದವನ್ನು ನೋಡಿ ಬರೆದ, ಮನುಷ್ಯರನ್ನು ಕೇಳಿ ಬರೆಯಲಿಲ್ಲ. ನಕಲು ಮಾಡುವವನಿಗೆ ಇರುವ ನಿಯಮವೇ ಅದು. ಇದ್ದ ಹಾಗೆ ಬರೆಯಬೇಕು, ತಿದ್ದಬಾರದು. ಕಥೆಯ ಹೆಸರು ಈ ನಿಯಮದಿಂದ ಬಂದಿದೆ.

ನೋಡಿ ಬರೆದದ್ದೇ ಎನ್ನಲು ಏನು ಆಧಾರ? ಬೇರೆ ಬೇರೆ ಬರಹಗಾರರು ಬೇರೆ ಬೇರೆಯಾಗಿ ಕೇಳಿ ಒಂದೇ ತಪ್ಪು ಮಾಡಿರಬಾರದೇ? ಈ ಪ್ರಶ್ನೆಯನ್ನು ಕಥೆ ಬಿಟ್ಟುಕೊಟ್ಟಿಲ್ಲ. ಶಾನುಭೋಗರು ಹೆಸರಿನ ಮುಂದೆ 'ಕೋಂ' ಎಂದು ಬರೆದು ಗಂಡನ ಹೆಸರು ಬರೆದಿದ್ದರು. ಕೋಂ ಎಂದರೆ ಹೆಂಡತಿ ಎಂದು ಹಳೆಯ ಕನ್ನಡ ದಸ್ತಾವೇಜು ಓದಿದವರಿಗೆ ಗೊತ್ತು. ಮಲಯಾಳದ ರಿಜಿಸ್ಟರಿನಲ್ಲಿ ಅದು 'ಕಿನ್ನಕ್ಕಕೋಂ' ಎಂದು ಒಂದೇ ಪದವಾಗಿ ಕೂತಿದೆ. ಇದು ಯಾವ ಮನೆಹೆಸರು ಎಂದು ಜೊತೆಗೆ ಕೆಲಸ ಮಾಡುವ ಮಲಯಾಳಿ ಗೆಳತಿ ಕೇಳುತ್ತಾಳೆ. ಇಬ್ಬರೂ ನಗುತ್ತಾರೆ. ಕಿವಿಯಿಂದ ಕೇಳಿ ಬರೆದವನ ಕೈಗೆ ಈ 'ಕೋಂ' ಬರಲು ಸಾಧ್ಯವೇ ಇಲ್ಲ. ಓಲೆಗರಿಯ ಗ್ರಂಥಗಳನ್ನು ಸಂಪಾದಿಸುವವರು ಇದೇ ದಾರಿ ಹಿಡಿಯುತ್ತಾರೆ. ಎರಡು ಪ್ರತಿಗಳಲ್ಲಿ ಒಂದೇ ಸರಿಪಾಠ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಒಂದೇ ವಿಚಿತ್ರ ತಪ್ಪು ಇದ್ದರೆ ಒಂದು ಇನ್ನೊಂದರ ನಕಲು, ಅಥವಾ ಎರಡೂ ಮತ್ತೊಂದರ ನಕಲು. ಗುಮಾಸ್ತನಿಗೆ ಗ್ರಂಥ ಸಂಪಾದನೆಯ ಹೆಸರೂ ಗೊತ್ತಿಲ್ಲ. ಆದರೂ ಅವನು ಅದನ್ನೇ ಮಾಡುತ್ತಾನೆ, ಕಥೆಗಾರರು ಅದನ್ನು ಹೆಸರಿಸದೆ ಬಿಟ್ಟಿದ್ದಾರೆ. ಇದು ಮೆಚ್ಚತಕ್ಕ ಸಂಯಮ.

ಫೋಟೋ ಕೂಡಾ ಕಥೆಯಲ್ಲಿ ಬರಿಯ ಅಲಂಕಾರವಲ್ಲ. ಹೊಸ ಪುಸ್ತಕ ತೆರೆದ ದಿನ ಹಳೆಯದು ಕಪಾಟಿಗೆ ಹೋಗುತ್ತದೆ. ಎರಡನ್ನು ಪಕ್ಕ ಪಕ್ಕದಲ್ಲಿಟ್ಟು ನೋಡುವ ಅಗತ್ಯ ಒಬ್ಬ ನೌಕರನ ಆಯುಷ್ಯದಲ್ಲಿ ಬರುವುದಿಲ್ಲ. ಪ್ರತಿಯೊಬ್ಬನೂ ತನ್ನ ಹಿಂದಿನವನ ಒಂದೇ ಪುಸ್ತಕವನ್ನು ನೋಡಿದ್ದಾನೆ, ಅದಕ್ಕೆ ನಿಷ್ಠನಾಗಿದ್ದಾನೆ. ಎಂಟು ದಶಕಗಳ ಪುಟಗಳು ಒಂದು ಅಂಗೈಯಲ್ಲಿ ಸಾಲಾಗಿ ನಿಂತದ್ದು ಈ ಗುಮಾಸ್ತನಿಗೆ ಮೊದಲ ಸಲ. ಆದ್ದರಿಂದಲೇ ತಪ್ಪು ಅವನಿಗೆ ಕಂಡಿತು, ಅವನು ಉಳಿದವರಿಗಿಂತ ಜಾಣನಾದ್ದರಿಂದ ಅಲ್ಲ.

ಈ ಸಾಲಿನಲ್ಲಿ ಒಂದೇ ಒಂದು ಕಡೆ ಹೆಸರು ಸರಿಯಾಗಿದೆ. 1974ರಲ್ಲಿ ಬೇಲಿಯ ತಕರಾರು ಬಂದಾಗ ಕಿಞ್ಞಕ್ಕನನ್ನು ಕರೆಸಿ ಹೇಳಿಕೆ ಬರೆದುಕೊಂಡಿದ್ದರು. ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ, ಮಲಯಾಳ ಅಕ್ಷರದಲ್ಲಿ, 'ಕಿಞ್ಞಕ್ಕ'. ಆ ದಿನ ಬರೆದವನು ಅವಳ ಬಾಯಿಯಿಂದ ಕೇಳಿದ್ದ. ಅದೇ ಹಾಳೆಯ ಕೆಳಗೆ ಜಾಗದ ವಿವರ ಬರೆಯುವಾಗ ಪುನಃ ರಿಜಿಸ್ಟರನ್ನು ನೋಡಿ 'ಕಿನ್ನಕ್ಕ' ಎಂದು ಬರೆದ. ಒಂದು ಹಾಳೆ, ಒಂದು ಕೈ, ಎರಡು ಹೆಸರು. ಕಥೆಗಾರರು ಇಲ್ಲಿ ಒಂದು ವಾಕ್ಯವನ್ನೂ ಹೆಚ್ಚು ಬರೆದಿಲ್ಲ. ಇಡೀ ಕಥೆಯಲ್ಲಿ ಬೇರೆ ಯಾರಿಗೂ ಹೆಸರಿಲ್ಲ, ಗುಮಾಸ್ತನಿಗೂ ಇಲ್ಲ. ಅದನ್ನು ನಾನು ಗಮನಿಸಿದ್ದು ಎರಡನೆಯ ಓದಿನಲ್ಲಿ.

ಅಜ್ಜಿ ತೀರಿಹೋದ ಮೇಲೆ ಜಾಗವನ್ನು ತನ್ನ ಹೆಸರಿಗೆ ಪೋಕ್ಕುವರವ್ ಮಾಡಿಸಲು ಮೊಮ್ಮಗಳು ಆಫೀಸಿಗೆ ಬರುತ್ತಾಳೆ. ಗುಮಾಸ್ತ ಉತ್ಸಾಹದಿಂದ ಫೋಟೋಗಳನ್ನು ತೋರಿಸಿ, ಈಗಲಾದರೂ ಸರಿಯಾದ ಹೆಸರು ಬರೆಸಲು ಅರ್ಜಿ ಕೊಡಿ ಎನ್ನುತ್ತಾನೆ. ಅವಳು ಸ್ವಲ್ಪ ಹೊತ್ತು ನೋಡಿ, "ಬೇಡ ಸಾರ್, ಕಿನ್ನಕ್ಕ ಅಂತಲೇ ಇರಲಿ. ಅಜ್ಜಿಯ ಹೆಸರು ಸರಿಯಾದರೆ ಜಾಗ ಯಾರದ್ದೋ ಆಗಿ ಹೋದೀತು" ಎನ್ನುತ್ತಾಳೆ. ಈ ಮಾತು ಸತ್ಯ. ಎಂಟು ದಶಕ ತೀರ್ವೆ ಕಟ್ಟಿದ್ದು ಕಿನ್ನಕ್ಕ. ಹಕ್ಕಿನ ಸರಪಣಿ ತಪ್ಪಿನ ಮೇಲೆಯೇ ನಿಂತಿದೆ, ಒಂದು ಕೊಂಡಿಯನ್ನು ಸರಿಮಾಡಿದರೆ ಉಳಿದವು ಕಳಚುತ್ತವೆ ಎಂಬ ಹೆದರಿಕೆ ನಮ್ಮ ಮನೆಗಳಲ್ಲಿ ಹೊಸತಲ್ಲ.

ಕಥೆ ಇಲ್ಲಿಗೆ ನಿಲ್ಲಬೇಕಿತ್ತು. ಇದರ ಅನಂತರ ಒಂದು ಪುಟದಷ್ಟು ಗುಮಾಸ್ತನ ಯೋಚನೆ ಬರುತ್ತದೆ. ಕಳೆದುಹೋದ ಅಕ್ಷರವೆಂದರೆ ಕಳೆದುಹೋದ ನಾವೇ ಎಂಬರ್ಥದ ಮಾತುಗಳಿವೆ. ಸಭೆಯಲ್ಲಿ ಇದಕ್ಕೆ ಚಪ್ಪಾಳೆ ಬಿತ್ತು. ನನಗೆ ಮಾತ್ರ, ಕಥೆ ಕಷ್ಟಪಟ್ಟು ನಮ್ಮಿಂದ ಕಿತ್ತುಕೊಂಡ ಸುಲಭದ ದುಃಖವನ್ನು ಕೊನೆಯಲ್ಲಿ ವಾಪಸು ಕೊಟ್ಟಂತೆ ಕಂಡಿತು. ತಪ್ಪು ನಮ್ಮ ಶಾನುಭೋಗರದ್ದು ಎಂದು ತೋರಿಸಿದ ಮೇಲೆ ನಾವೇ ಕಳೆದುಹೋದೆವು ಎಂದು ಅಳುವುದು ಹೊಂದುವುದಿಲ್ಲ.

ಇನ್ನೊಂದು ಕೊರತೆ ವ್ಯವಹಾರದ್ದು. ಎರಡು ಹೆಸರೂ ಒಬ್ಬರದೇ ಎಂದು ವಿಲೇಜ್ ಆಫೀಸಿನಿಂದ ಸರ್ಟಿಫಿಕೇಟು ಪಡೆಯುವ ಕ್ರಮ ಇದೆ. ಈ ಭಾಗದ ಯಾವ ಓದುಗನೂ ಅದನ್ನು ಕೇಳದೆ ಇರುವುದಿಲ್ಲ. ಗುಮಾಸ್ತನಿಗಂತೂ ಗೊತ್ತಿರಲೇಬೇಕು. ಕಥೆ ಅದನ್ನು ಎತ್ತದೆ ಇರುವುದರಿಂದ ಮೊಮ್ಮಗಳ ನಿರಾಕರಣೆ ಬರಿಯ ಹೆದರಿಕೆಯಾಗಿ ಉಳಿಯುತ್ತದೆ. ಅವನು ಆ ದಾರಿಯನ್ನು ಹೇಳಿ, ಅವಳು ತಿಳಿದೂ ಬೇಡವೆಂದಿದ್ದರೆ ಆ ಮಾತಿನ ತೂಕ ಇಮ್ಮಡಿಯಾಗುತ್ತಿತ್ತು. ಏಕೆಂದರೆ ಅಂಥ ಕಾಗದದಲ್ಲೂ ಮೊದಲು ಬರುವುದು ರಿಜಿಸ್ಟರಿನ ಹೆಸರು. ಮನೆಯ ಹೆಸರು ಅದರ ಹಿಂದೆ ಬರುತ್ತದೆ.

ನನ್ನ ತಾಯಿಯ ದಸ್ತಾವೇಜು ನಮ್ಮ ಮನೆಯ ಪೆಟ್ಟಿಗೆಯಲ್ಲಿದೆ. ಕಥೆ ಓದಿ ಮುಗಿಸಿದ ರಾತ್ರಿ ಅದನ್ನು ತೆಗೆದು ನೋಡಿದೆ. ಅದರಲ್ಲಿ ಅವರಿಗೆ ಎರಡು ಹೆಸರು, ನಡುವೆ 'ಯಾನೆ'. ನಾವು ಯಾರೂ ಎಂದೂ ಕರೆಯದ ಹೆಸರು ಮೊದಲು, ಅವರು ಓಗೊಡುತ್ತಿದ್ದ ಹೆಸರು ಆಮೇಲೆ. ಐವತ್ತು ವರ್ಷ ಆ ಕಾಗದ ನನ್ನ ಕೈಯಲ್ಲೇ ಇತ್ತು. ತೀರ್ವೆಯ ರಶೀದಿ ಹುಡುಕುವಾಗಲೆಲ್ಲ ಅದನ್ನು ಸರಿಸಿ ಇಡುತ್ತಿದ್ದೆ. ಆ ಮೊದಲನೆಯ ಹೆಸರನ್ನು ಯಾರು, ಯಾವಾಗ, ಏನನ್ನು ನೋಡಿ ಬರೆದರೆಂದು ಕೇಳಬೇಕೆಂದು ನನಗೆ ತೋಚಿದ್ದು ಈ ಕಥೆಯ ಅನಂತರ.