ಹಣತೆಯ ಬೆಳಕಿನಲ್ಲಿ ಬಣ್ಣದ ನಿಜ: ಕಾರ್ತಿಕೋತ್ಸವದ ಛಾಯಾಗ್ರಹಣ

ಧರ್ಮಸ್ಥಳದ ಲಕ್ಷದೀಪೋತ್ಸವದಿಂದ ಹಿಡಿದು ಉತ್ತರ ಕರ್ನಾಟಕದ ಊರ ಗುಡಿಗಳ ಕಾರ್ತಿಕದವರೆಗೆ, ದೀಪದ ಹಬ್ಬಗಳ ಛಾಯಾಚಿತ್ರಗಳಲ್ಲಿ ಎರಡು ದೋಷಗಳು ಮತ್ತೆ ಮತ್ತೆ ಕಾಣುತ್ತವೆ. ಒಂದೋ ಹಣತೆಯ ಕುಡಿ ಸ್ಪಷ್ಟವಾಗಿ ಮೂಡಿ, ಅದನ್ನು ಹಚ್ಚುವವರ ಮುಖ ಕತ್ತಲಲ್ಲಿ ಮುಳುಗಿರುತ್ತದೆ. ಇಲ್ಲವೇ ಮುಖ ಬೆಳಗಿದ್ದರೂ ಇಡೀ ಚಿತ್ರ ಕಿತ್ತಳೆ ನೀರಿನಲ್ಲಿ ಅದ್ದಿ ತೆಗೆದಂತಿದ್ದು, ಅರಿಶಿನಕ್ಕೂ ಬಿಳಿಗೂ ವ್ಯತ್ಯಾಸವೇ ಉಳಿದಿರುವುದಿಲ್ಲ. ಇವೆರಡನ್ನೂ ಕ್ಯಾಮೆರಾದ ಮಿತಿಯೆಂದು ತಳ್ಳಿಹಾಕುವುದು ವಾಡಿಕೆಯಾದರೂ, ಚಿತ್ರದಲ್ಲಿ ಯಾವುದಕ್ಕೆ ಮೊದಲ ಸ್ಥಾನವೆಂಬುದನ್ನು ಛಾಯಾಗ್ರಾಹಕ ನಿರ್ಧರಿಸದೆ ಬಿಟ್ಟಿರುವುದೇ ಅವುಗಳ ಮೂಲ ಕಾರಣ.

ಕ್ಯಾಮೆರಾದ ಬೆಳಕಿನ ಮಾಪಕವು ಎದುರಿನ ದೃಶ್ಯವನ್ನು ಸರಾಸರಿಯಲ್ಲಿ ಮಧ್ಯಮ ಬೂದು ಬಣ್ಣಕ್ಕೆ ತರಲು ಯತ್ನಿಸುತ್ತದೆ. ಚೌಕಟ್ಟಿನಲ್ಲಿ ಜ್ವಾಲೆಗಳು ಹೆಚ್ಚಿದ್ದರೆ ಅದು ಚಿತ್ರವನ್ನು ಕಪ್ಪಾಗಿಸುತ್ತದೆ, ಇರುಳ ಆಕಾಶ ಹೆಚ್ಚಿದ್ದರೆ ಮುಖವನ್ನು ಬೆಳ್ಳಗೆ ಸುಡುತ್ತದೆ. ಆದ್ದರಿಂದ ಬೆಳಕನ್ನು ಮುಖದ ಮೇಲೆ ಮಾತ್ರ ಅಳೆದು, ಆ ಅಳತೆಯನ್ನು ಕೈಯಾರೆ ಸ್ಥಿರಗೊಳಿಸುವುದೇ ಸರಿಯಾದ ಕ್ರಮ. ಜ್ವಾಲೆಯ ನಡುಭಾಗ ಆಗ ವಿವರವಿಲ್ಲದೆ ಬೆಳ್ಳಗಾಗುವುದು ನಿಜ. ಆದರೆ ಉರಿಯುವ ಕುಡಿಯಲ್ಲಿ ಕಣ್ಣೂ ವಿವರವನ್ನು ಹುಡುಕುವುದಿಲ್ಲವಾದ್ದರಿಂದ ಅದು ಒಪ್ಪಬಹುದಾದ ನಷ್ಟ.

ಬಣ್ಣದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಬೆಳಕಿನ ವರ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುವಾಗ ನಡುಹಗಲ ಬೆಳಕು ಸುಮಾರು 5,500 ಆದರೆ ಎಣ್ಣೆದೀಪದ್ದು ಸುಮಾರು 1,900. ಎಂದರೆ ದೀಪದ ಬೆಳಕಿನಲ್ಲಿ ಕೆಂಪು ಹೇರಳ, ನೀಲಿ ಅತ್ಯಲ್ಪ. ಬಿಳಿಯನ್ನು ಬಿಳಿಯಾಗಿ ತೋರಿಸಲು ಕ್ಯಾಮೆರಾ ಮಾಡುವ ತಿದ್ದುಪಡಿಯೇ ವೈಟ್ ಬ್ಯಾಲೆನ್ಸ್. ಅದನ್ನು ಹಗಲಿನ ಮಟ್ಟದಲ್ಲಿಟ್ಟರೆ ಎಲ್ಲವೂ ಕಿತ್ತಳೆಯಾಗುತ್ತದೆ. ಸ್ವಯಂಚಾಲಿತಕ್ಕೆ ಬಿಟ್ಟರೆ ಚೌಕಟ್ಟಿಗೆ ಕೆಂಪು ಸೀರೆ ಬಂದಾಗೊಮ್ಮೆ, ಹೋದಾಗೊಮ್ಮೆ ಬಣ್ಣ ಜಾರುತ್ತದೆ. ಪೂರ್ಣವಾಗಿ ತಿದ್ದಿದರೆ ಪಂಚೆ ಅಚ್ಚ ಬಿಳಿಯಾಗಿ, ದೀಪ ಹಚ್ಚಿದ್ದೇ ವ್ಯರ್ಥವೆನಿಸುವಂತೆ ಅದರ ಬೆಚ್ಚನೆಯ ಹೊಳಪು ಅಳಿಯುತ್ತದೆ. ಮನುಷ್ಯನ ಕಣ್ಣು ದೀಪದ ಬೆಳಕಿಗೆ ಭಾಗಶಃ ಮಾತ್ರ ಹೊಂದಿಕೊಳ್ಳುತ್ತದಾದ್ದರಿಂದ ನಿಜವಾದ ಬಣ್ಣವೂ ಈ ಎರಡು ತುದಿಗಳ ನಡುವೆಯೇ ಇದೆ. ಅನೇಕ ಕ್ಯಾಮೆರಾಗಳ ಕನಿಷ್ಠ ಮಿತಿಯಾದ 2,500 ಕೆಲ್ವಿನ್ ಆ ನಡುವಿನ ನೆಲೆಗೆ ಹತ್ತಿರವಾದುದು. ಗುಂಪಿನಲ್ಲಿ ಪಂಚೆಯುಟ್ಟವರು ಇದ್ದೇ ಇರುವುದರಿಂದ ಅದರ ಪರೀಕ್ಷೆಯೂ ಸುಲಭ: ಪಂಚೆ ಕೆನೆಬಣ್ಣಕ್ಕಿದ್ದರೆ ಬಣ್ಣ ನಿಜ, ಕಿತ್ತಳೆಯಾದರೆ ತಿದ್ದುಪಡಿ ಸಾಲದು, ಅಚ್ಚ ಬಿಳಿಯಾದರೆ ತಿದ್ದುಪಡಿ ಅತಿಯಾಯಿತು.

ದೀಪಸ್ತಂಭದ ಬುಡದಲ್ಲಿ ಹಣತೆಗಳ ಸಾಲನ್ನು ಹಚ್ಚುತ್ತಿರುವ, ಇಳಕಲ್ ಸೀರೆಯುಟ್ಟ ಮಹಿಳೆಯೊಬ್ಬರ ಚಿತ್ರವನ್ನು ಉದಾಹರಣೆಯಾಗಿ ಪರಿಶೀಲಿಸಬಹುದು. ಮುಖಕ್ಕೆ ಅಳೆದಾಗ ದ್ಯುತಿರಂಧ್ರ f/2, ಶಟರ್ 1/100 ಸೆಕೆಂಡು, ಐಎಸ್‌ಒ 3,200 ಸರಿಯಾದ ಆರಂಭವಾಗಬಹುದು. ಹಿನ್ನೆಲೆಯಲ್ಲಿ ಎಲ್‌ಇಡಿ ಸರಗಳಿದ್ದರೆ ಶಟರಿನ ಈ ವೇಗವನ್ನು ಮೀರಬಾರದು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅಂಥ ದೀಪಗಳು ಸಾಮಾನ್ಯವಾಗಿ ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ, ಇದಕ್ಕಿಂತ ವೇಗವಾದ ಶಟರಿನಲ್ಲಿ ಚಿತ್ರದ ಮೇಲೆ ಅಡ್ಡಪಟ್ಟೆಗಳು ಮೂಡಬಹುದು. ಮುಖ ಈಗ ಸರಿಯಾಗಿದೆ, ಆದರೆ ಕೆಂಪು ಸೆರಗಿನಲ್ಲಿ ನೇಯ್ದ ಬಿಳಿಯ ತೋಪುತೆನೆಯ ಅಂಚು ಕರಗಿ, ಸೆರಗು ಮಡಿಕೆಗಳಿಲ್ಲದ ಒಂದೇ ಕೆಂಪು ಮಚ್ಚೆಯಾಗಿ ಕಂಡರೆ ಕೆಂಪಿನ ದಾಖಲೆ ತುಂಬಿ ತುಳುಕಿದೆಯೆಂದೇ ಅರ್ಥ. ಚಿತ್ರದಲ್ಲಿ ಬೆಳಕು ಹೇಗೆ ಹಂಚಿದೆಯೆಂದು ತೋರಿಸುವ ಹಿಸ್ಟೋಗ್ರಾಂ ನಕ್ಷೆಯನ್ನು ಒಟ್ಟಾಗಿ ನೋಡಿದರೆ ಈ ದೋಷ ತಿಳಿಯುವುದಿಲ್ಲ. ಕೆಂಪು, ಹಸಿರು, ನೀಲಿಗಳನ್ನು ಬೇರೆಬೇರೆಯಾಗಿ ನೋಡಿದಾಗ ಕೆಂಪಿನ ರೇಖೆ ಬಲತುದಿಗೆ ಒತ್ತಿಕೊಂಡಿರುವುದು ಕಾಣುತ್ತದೆ. ವೈಟ್ ಬ್ಯಾಲೆನ್ಸನ್ನು ಮೊದಲೇ ಕೆಳಗಿಳಿಸಿದ್ದರೆ ಕೆಂಪು ಅಷ್ಟರಮಟ್ಟಿಗೆ ತಗ್ಗಿರುತ್ತದೆ; ಇನ್ನೂ ಉಕ್ಕುತ್ತಿದ್ದರೆ ಐಎಸ್‌ಒವನ್ನು 2,000ಕ್ಕೆ ಇಳಿಸಿ, ಸಂಸ್ಕರಿಸದ ದತ್ತಾಂಶವನ್ನು ಉಳಿಸುವ ರಾ ಕಡತದಲ್ಲಿ ಮುಖವನ್ನು ಆಮೇಲೆ ತುಸು ಎತ್ತಬೇಕು. ಕತ್ತಲಾದ ಮುಖವನ್ನು ಎತ್ತಲು ಬರುತ್ತದೆ, ಅಳಿದ ನೇಯ್ಗೆಯನ್ನು ಮರಳಿ ತರಲು ಬರುವುದಿಲ್ಲ.

ಗುಂಪಿನ ಮುಖಗಳಿಗೆ ನಿಲ್ಲುವ ಜಾಗವೇ ಪರಿಹಾರ. ಒಂಟಿ ಹಣತೆಯಿಂದ ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೆಯ ಒಂದಕ್ಕೆ ಕುಸಿಯುತ್ತದೆ, ಆದರೆ ಉದ್ದನೆಯ ದೀಪಸಾಲಿನ ಹತ್ತಿರ ಅದು ಸುಮಾರು ಅರ್ಧಕ್ಕಷ್ಟೇ ಇಳಿಯುತ್ತದೆ. ಆದ್ದರಿಂದ ಸಾಲಿನ ಉದ್ದಕ್ಕೂ ಕುಳಿತವರನ್ನು ಒಂದೇ ಚಿತ್ರದಲ್ಲಿ ಸಮವಾಗಿ ಹಿಡಿಯಬಹುದು, ಹಿಂದೆ ನಿಂತವರು ಮಂಕಾದರೂ ಮಾಯವಾಗುವುದಿಲ್ಲ. ನೇರ ಫ್ಲಾಶ್ ಈ ತೊಡಕನ್ನೆಲ್ಲ ಒಮ್ಮೆಲೇ ನೀಗಿಸಿದಂತೆ ತೋರಿದರೂ, ಅದರ ಹಗಲಿನಂಥ ಬೆಳಕು ಮುಖಕ್ಕೆ ಒಂದು ಬಣ್ಣ, ಹಿನ್ನೆಲೆಗೆ ಇನ್ನೊಂದು ಬಣ್ಣ ಕೊಟ್ಟು ದೀಪವನ್ನು ಅಲಂಕಾರದ ವಸ್ತುವಾಗಿಸುತ್ತದೆ.

ಈ ಕ್ರಮದಿಂದಲೂ ದಕ್ಕದ್ದು ಉಂಟು. ದೀಪದಲ್ಲಿ ನೀಲಿಯೇ ಕಡಿಮೆಯಾದ್ದರಿಂದ ಕಡುನೀಲಿ ಸೀರೆ ಕಪ್ಪಾಗಿಯೇ ಉಳಿಯುತ್ತದೆ, ಗೋಪುರದ ಬಣ್ಣಬಣ್ಣದ ಎಲ್‌ಇಡಿ ಬೆಳಕನ್ನೂ ಹಣತೆಯ ಬೆಳಕನ್ನೂ ಒಂದೇ ತಿದ್ದುಪಡಿ ಸರಿಹೊಂದಿಸಲಾರದು. ಅಂಥಲ್ಲಿ ಹಣತೆಯ ಪಕ್ಕದ ಮುಖಕ್ಕೆ ನಿಷ್ಠವಾಗಿ, ಗೋಪುರವನ್ನು ಅದರ ಪಾಡಿಗೆ ಬಿಡುವ ಚಿತ್ರವೇ ಹೆಚ್ಚು ಪ್ರಾಮಾಣಿಕ. ಹಬ್ಬಕ್ಕೆ ಬಂದವರು ಬೆಳಗಿಸಿದ್ದು ಆ ಹಣತೆಯನ್ನು, ಅದು ಮರಳಿ ಬೆಳಗಿಸಿದ್ದು ಅವರ ಮುಖವನ್ನು.