ನೂಲು ಬಿಡದ ಬೆಂಡೆಕಾಯಿ: ಪಲ್ಯದ ರಸಿಕರಿಗೊಂದು ಕೈಪಿಡಿ

ಪುತ್ತೂರು, ಸುಳ್ಯ, ಕಡಬದ ಕಡೆ ಹೊಸದಾಗಿ ಮನೆ ಮಾಡಿದವರು ಬೆಂಡೆಕಾಯಿ ಪಲ್ಯದ ರುಚಿ ನೋಡುವ ಮೊದಲು ಒಂದು ಹೋಳನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಬೇಕು. ಪಕ್ಕದ ಹೋಳು ಅದರ ಜತೆ ಎದ್ದು ಬಂದರೆ, ನಡುವೆ ತೆಳ್ಳಗೆ ನೂಲು ಎಳೆದರೆ, ಆ ಪಲ್ಯ ಎಲ್ಲೋ ಕೆಟ್ಟಿದೆ. ಹೋಳು ಬಿಡಿಬಿಡಿಯಾಗಿ ಬಂದು, ಹೊರಮೈ ಅಲ್ಲಲ್ಲಿ ಕಂದು ಹಿಡಿದು, ಏಣು ಕಳಚದೆ ನಿಂತು, ಕಚ್ಚಿದಾಗ ಬೀಜ ಹಲ್ಲಿಗೆ ಸಿಕ್ಕರೆ ಅದು ಸರಿಯಾದ ಪಲ್ಯ. ಕುಚ್ಚಲಕ್ಕಿ ಅನ್ನಕ್ಕೆ ಸಾರು ಸುರಿದು ಉಣ್ಣುವ ಊರಿದು. ಎಲೆಯ ಮೇಲೆ ಒದ್ದೆಯಾಗಿರುವುದು ಆಗಲೇ ಬೇಕಾದಷ್ಟಿದೆ, ಪಲ್ಯವಾದರೂ ಒಣಗಿರಬೇಕು.

ಇಲ್ಲಿಯ ತೊಡಕು ಇರುವುದು ಕಾಲದಲ್ಲಿ. ಪತ್ತನಾಜೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಅಂಗಳದ ಬದಿಯಲ್ಲಿ ಬೀಜ ಹಾಕುತ್ತಾರೆ, ಆಟಿಯಿಂದ ಮುಂದಕ್ಕೆ ಕಾಯಿ ಸಿಗುತ್ತದೆ. ತಿಳಿಹಸಿರಿನ, ಗೇಣುದ್ದ ಬೆಳೆದರೂ ಎಳೆಯದಾಗಿಯೇ ಉಳಿಯುವ ಹಾಲುಬೆಂಡೆ ಈ ಕಾಲದ ಕಾಯಿ. ಪುತ್ತೂರಿನ ಸೋಮವಾರದ ಸಂತೆಯಲ್ಲಿ ಕೊಂಡರೂ ಸರಿ, ಹಿತ್ತಿಲಲ್ಲಿ ಕೊಯ್ದರೂ ಸರಿ, ಕಾಯಿ ಮಳೆ ಕುಡಿದೇ ಅಡುಗೆಮನೆಗೆ ಬರುತ್ತದೆ. ಬೆಂಡೆಯ ಲೋಳೆಗೆ ಬೇಕಾಗಿರುವುದೂ ನೀರೇ. ಕಾಯಿಯೊಳಗಿನ ಅಂಟು ಒಂದು ಬಗೆಯ ಸಕ್ಕರೆಯ ಉದ್ದುದ್ದ ಸರಪಣಿ. ನೀರು ಸಿಕ್ಕಿದರೆ ಅದು ಉಬ್ಬಿ, ಹರಡಿ, ನೂಲಾಗುತ್ತದೆ, ಸಿಗದಿದ್ದರೆ ಇದ್ದಲ್ಲೇ ಇರುತ್ತದೆ. ಹಾಗಾಗಿ ಪಲ್ಯದ ಅರ್ಧ ಕೆಲಸ ಒಲೆ ಹಚ್ಚುವ ಮೊದಲೇ ಮುಗಿದಿರಬೇಕು.

ಕಾಯಿಯನ್ನು ಇಡಿಯಾಗಿ, ತೊಟ್ಟು ಕತ್ತರಿಸದೆ ತೊಳೆಯಬೇಕು. ತೊಟ್ಟು ತೆಗೆದರೆ ನೀರು ಒಳಗೆ ಇಳಿಯುತ್ತದೆ. ಮೈಮೇಲಿನ ಸಣ್ಣ ರೋಮ ಮತ್ತು ಏಣುಗಳ ನಡುವಿನ ತೋಡು ಹನಿಯನ್ನು ಹಿಡಿದಿಟ್ಟುಕೊಳ್ಳುವ ಜಾಗ, ಅದನ್ನು ಬರೇ ಬುಟ್ಟಿಯಲ್ಲಿ ಸೋಸಿಟ್ಟರೆ ಆರುವುದಿಲ್ಲ. ಒಂದೊಂದನ್ನೇ ಬೈರಾಸಿನಲ್ಲಿ ಉದ್ದಕ್ಕೆ ಒರಸಬೇಕು. ಆಟಿಯಲ್ಲಿ ಬೈರಾಸೂ ತಂಪಾಗಿರುತ್ತದೆ, ಗಾಳಿಯೂ ತಂಪೇ. ಬಿಸಿಲಿನ ಊರಿನವರು ಹೇಳುವ ಹತ್ತು ನಿಮಿಷದ ಒಣಗಿಸುವಿಕೆ ಇಲ್ಲಿ ನಡೆಯುವುದಿಲ್ಲ. ಹಿಂದಿನ ರಾತ್ರಿಯೇ ತೊಳೆದು ಫ್ಯಾನಿನ ಕೆಳಗೆ ಹರವಿಡುವುದು ಒಳ್ಳೆಯದು. ಸೌದೆ ಒಲೆ ಇದ್ದ ಮನೆಯಲ್ಲಿ ಒಲೆಯ ಬದಿಯ ಬೆಚ್ಚಗಿನ ಜಾಗಕ್ಕೆ ಗೆರಸೆಯಲ್ಲಿ ಇಡಬಹುದು. ಆರಿತೋ ಇಲ್ಲವೋ ಎಂದು ತಿಳಿಯಲು ಒಂದು ಕಾಯಿಯನ್ನು ಹಳೆಯ ಪೇಪರಿನ ಮೇಲೆ ಒತ್ತಿ ಉರುಳಿಸಿ. ಪೇಪರಿನಲ್ಲಿ ಒದ್ದೆ ಗುರುತು ಬಿದ್ದರೆ ಹೆಚ್ಚುವುದಕ್ಕೆ ಇನ್ನೂ ಹೊತ್ತಿದೆ.

ಹೋಳಿನ ಗಾತ್ರದಲ್ಲಿ ಸರಳವಾದ ಲೆಕ್ಕವಿದೆ. ತುದಿ, ತೊಟ್ಟು ತೆಗೆದ ಮೇಲೆ 10 ಸೆಂಟಿಮೀಟರ್ ಉಳಿದ ಕಾಯಿಯನ್ನು ಅರ್ಧ ಸೆಂಟಿಮೀಟರಿನ ಬಿಲ್ಲೆ ಮಾಡಿದರೆ 20 ಬಿಲ್ಲೆ, ಅಂದರೆ 40 ಕತ್ತರಿಸಿದ ಮುಖ. ಅದನ್ನೇ 2 ಸೆಂಟಿಮೀಟರಿನ ಹೋಳು ಮಾಡಿದರೆ ಐದು ಹೋಳು, ಹತ್ತೇ ಮುಖ. ಲೋಳೆ ಹೊರಬರುವುದು ಈ ಮುಖಗಳಿಂದಲೇ. ಉದ್ದಕ್ಕೆ ಸೀಳಿದರೆ ಬೀಜದ ಕೋಣೆಗಳೆಲ್ಲ ಒಮ್ಮೆಲೇ ತೆರೆದುಕೊಳ್ಳುತ್ತವೆ. ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದಾದರೆ ಆ ಸೀಳು ಚೆಂದ, ಪಲ್ಯಕ್ಕೆ ಬೇಡ. ನನ್ನ ಆಯ್ಕೆ ಒಂದೂವರೆಯಿಂದ ಎರಡು ಸೆಂಟಿಮೀಟರ್. ಅದಕ್ಕಿಂತ ದೊಡ್ಡದಾದರೆ ಹೊರಗೆ ಕರಟಿ ಒಳಗೆ ಹಸಿಯಾಗಿ ಉಳಿಯುತ್ತದೆ. ಮೆಟ್ಟುಕತ್ತಿಯೂ ಒಣಗಿರಬೇಕು, ಅಂಟು ಹಿಡಿದಾಗ ಒಣಬಟ್ಟೆಯಲ್ಲಿ ಒರಸಬೇಕೇ ಹೊರತು ನೀರು ಹಾಕಬಾರದು. ಹೆಚ್ಚಿದ ಹೋಳನ್ನು ಗೆರಸೆಯಲ್ಲಿ ಅರ್ಧ ಗಂಟೆ ಹರವಿಟ್ಟರೆ ಮುಖದ ಮೇಲಿನ ಅಂಟು ತೆಳುವಾಗಿ ಒಣಗುತ್ತದೆ.

ಈಗ ಒಲೆಯ ಕೆಲಸ. 400 ಗ್ರಾಂ ಕಾಯಿ ಎಂದಿಟ್ಟುಕೊಳ್ಳೋಣ. ಅಗಲವಾದ ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಬೇಕು, ಒಂದು ಹನಿ ನೀರು ಬಿದ್ದರೆ ಚುಂಯ್ ಎಂದು ಹಾರಿಹೋಗಬೇಕು. ಎರಡು ದೊಡ್ಡ ಚಮಚ ತೆಂಗಿನೆಣ್ಣೆ ಹಾಕಿ. ಗಾಣದ ತೆಂಗಿನೆಣ್ಣೆ ಸುಮಾರು 175 ಡಿಗ್ರಿ ಸೆಲ್ಸಿಯಸ್ಸಿಗೆ ಹೊಗೆಯಾಡಲು ತೊಡಗುತ್ತದೆ, ಅದಕ್ಕೆ ಸ್ವಲ್ಪ ಮೊದಲೇ ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಕರಿಬೇವು ಸಿಡಿಸಿ ಅರ್ಧದಷ್ಟು ಹೋಳು ಮಾತ್ರ ಹಾಕಬೇಕು. ಹೋಳುಗಳು ಒಂದೇ ಪದರದಲ್ಲಿ ಇರಬೇಕು. ಬೆಂಡೆಯ ಹೆಚ್ಚಿನ ಭಾಗ ನೀರು. ಬಾಣಲೆ ತುಂಬಿದ್ದರೆ ಆ ನೀರು ಹಬೆಯಾಗಿ ಮೇಲೆ ಹೋಗದೆ ಹೋಳುಗಳ ನಡುವೆ ಸಿಕ್ಕಿಕೊಂಡು ಎಲ್ಲವನ್ನೂ ಬೇಯಿಸಿ ಲೋಳೆ ಮಾಡುತ್ತದೆ. ಮುಚ್ಚಳ ಹಾಕಬಾರದು ಎನ್ನುವುದೂ ಇದಕ್ಕೇ.

ಮೊದಲ ಎರಡು ನಿಮಿಷ ಸಟ್ಟುಗ ಮುಟ್ಟಬೇಡಿ. ಮತ್ತೆ ಒಮ್ಮೆ ಮಗುಚಿ, ಮತ್ತೆ ಬಿಡಿ. ಕಿವಿ ಇಲ್ಲಿ ಕಣ್ಣಿಗಿಂತ ಉಪಯೋಗಕ್ಕೆ ಬರುತ್ತದೆ: ಚರಚರ ಸದ್ದು ಜೋರಾಗಿ ಇರುವಷ್ಟು ಹೊತ್ತು ನೀರು ಹೋಗುತ್ತಿದೆ ಎಂದರ್ಥ. ಸದ್ದು ಅಡಗಿ ಗುಳುಗುಳು ಕೇಳಿದರೆ ಬೆಂಕಿ ಸಾಲದು ಅಥವಾ ಹೋಳು ಹೆಚ್ಚಾಗಿದೆ. ಆಗ ಅರ್ಧ ತೆಗೆದು ಬೆಂಕಿ ಏರಿಸುವುದೊಂದೇ ದಾರಿ. ನಡುವೆ ನೂಲು ಕಾಣಿಸಿತೆಂದು ಗಾಬರಿಯಾಗಿ ಕಲಕಿದರೆ ಹೋಳು ಒಡೆದು ಇನ್ನಷ್ಟು ಲೋಳೆ ಬರುತ್ತದೆ. ಏಳೆಂಟು ನಿಮಿಷಕ್ಕೆ ಮೊದಲ ಪಾಲು ತಯಾರಾಗುತ್ತದೆ. ಅದನ್ನು ತೆಗೆದಿಟ್ಟು, ಇನ್ನಷ್ಟು ಎಣ್ಣೆ ಕಾಯಿಸಿ ಎರಡನೆಯದನ್ನು ಹುರಿಯಿರಿ.

ಹುಳಿಯ ವಿಷಯದಲ್ಲಿ ಇಲ್ಲಿಯವರು ಪುಣ್ಯವಂತರು. ಹುಣಸೆ, ಮಜ್ಜಿಗೆ, ಬಿಂಬುಳಿ, ಪುನರ್ಪುಳಿ ಎಲ್ಲ ಕೈಗೆಟಕುವಂತಿವೆ. ಹುಳಿ ತಾಗಿದರೆ ಲೋಳೆಯ ಸರಪಣಿಗಳು ಮುದುಡಿಕೊಳ್ಳುತ್ತವೆ, ನೂಲು ತುಂಡಾಗುತ್ತದೆ. ಗ್ರೀಸ್ ದೇಶದವರು ಇಡೀ ಬೆಂಡೆಗೆ ವಿನೆಗರ್ ಚಿಮುಕಿಸಿ ಬಿಸಿಲಿಗಿಟ್ಟು ಆಮೇಲೆ ಅಡುಗೆ ಮಾಡುವುದೂ ಇದೇ ಕಾರಣಕ್ಕೆ. ಆದರೆ ಪಲ್ಯಕ್ಕೆ ಬೇಕಾದದ್ದು ಬಹಳ ಸ್ವಲ್ಪ. ಈ 400 ಗ್ರಾಮಿಗೆ ಅರ್ಧ ಅಡಕೆಯಷ್ಟು ಹುಣಸೆಯನ್ನು ಎರಡು ಸಣ್ಣ ಚಮಚ ಬಿಸಿನೀರಿನಲ್ಲಿ ಗಟ್ಟಿಯಾಗಿ ಕಿವುಚಿದ ರಸ ಸಾಕು. ಅದನ್ನು ಎರಡು ಪಾಲೂ ಹುರಿದಾದ ಮೇಲೆ, ಎಲ್ಲ ಒಟ್ಟು ಸೇರಿಸಿ, ಬಾಣಲೆ ಇನ್ನೂ ಬಿಸಿಯಿರುವಾಗ ಸುತ್ತಲೂ ಬಿಡಬೇಕು. ಮೊದಲೇ ಹಾಕಿದರೆ ಹೋಳು ಮೆತ್ತಗಾಗಲು ಹಟ ಮಾಡುತ್ತದೆ, ಹಸಿರು ಬಣ್ಣವೂ ಮಾಸುತ್ತದೆ. ಕಬ್ಬಿಣಕ್ಕೂ ಹುಳಿಗೂ ಆಗಿ ಬರುವುದಿಲ್ಲ, ಪಲ್ಯವನ್ನು ಅದರಲ್ಲೇ ಬಿಟ್ಟರೆ ಕಪ್ಪಾಗಿ ತುಕ್ಕಿನ ರುಚಿ ಬರುತ್ತದೆ. ಹುಳಿ ಹಾಕಿ ಒಂದೆರಡು ನಿಮಿಷದಲ್ಲಿ ಉಪ್ಪು, ಚಿಟಿಕೆ ಬೆಲ್ಲ, ಒಂದು ಹಿಡಿ ಕಾಯಿತುರಿ ಸೇರಿಸಿ ಬೇರೆ ಪಾತ್ರೆಗೆ ಹಾಕಿಬಿಡಬೇಕು. ಉಪ್ಪು ನೀರು ಎಳೆಯುವ ವಸ್ತುವಾದ್ದರಿಂದ ಅದಕ್ಕೆ ಕೊನೆಯ ಸರದಿ. ಬಿಂಬುಳಿ ಹಾಕುವವರು ಹೆಚ್ಚಿದ್ದನ್ನು ಹಿಂಡಿ, ರಸ ತೆಗೆದೇ ಹಾಕಬೇಕು, ಅದರಲ್ಲಿ ಹುಳಿಯಷ್ಟೇ ನೀರೂ ಇದೆ.

ಬಿಸಿ ಪಲ್ಯಕ್ಕೆ ಮುಚ್ಚಳ ಹಾಕಿಟ್ಟರೆ ಹಬೆ ನೀರಾಗಿ ಬಿದ್ದು ಮಾಡಿದ್ದೆಲ್ಲ ವ್ಯರ್ಥ, ಆರಿದ ಮೇಲೆಯೇ ಮುಚ್ಚಿ. ಯಾರಾದರೂ ಹೆಚ್ಚಿದ ಮೇಲೆ ತೊಳೆದುಬಿಟ್ಟಿದ್ದರೆ ಆ ಬೆಂಡೆಕಾಯಿಯಿಂದ ಪಲ್ಯ ಮಾಡುವ ಆಸೆ ಬಿಡಿ. ಅದನ್ನು ಎಣ್ಣೆಯಲ್ಲಿ ಆದಷ್ಟು ಹುರಿದು, ಹುಳಿಮಜ್ಜಿಗೆ ಹಾಕಿ ಮೇಲಾರ ಮಾಡಿ. ಮೇಲಾರ ಸ್ವಲ್ಪ ಲೋಳೆಯನ್ನು ಸಹಿಸುತ್ತದೆ.